ಡೆಲಿವರಿ ದಿನಾಂಕ ಮುಂದಕ್ಕೆ ಹಾಕಿ, ದಂಡ ಬಿಡಿ ಅಂತ ಸಪ್ಲೈಯರ್‌ಗೆ ಮೇಲ್ ಬರೆಯುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯ ಒಂದು ರೈಸ್ ಮಿಲ್‌ನಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೀಣ್ಯದ ಒಬ್ಬ ಸಪ್ಲೈಯರ್‌ಗೆ ಒಂದು ಮೇಲ್ ಬರೆದೆ. ಭತ್ತ ಒಣಗಿಸುವ ಡ್ರೈಯರ್ ಸಿದ್ಧ ಇತ್ತು, ಅದನ್ನು ಇಳಿಸಿಕೊಳ್ಳಲು ನಮ್ಮಲ್ಲಿ ಜಾಗ ಸಿದ್ಧ ಇರಲಿಲ್ಲ. ಆ ಮೇಲ್ ನೋಡಿದ ಪಕ್ಕದ ಮಿಲ್ಲಿನವರು, ಹರಿಹರದ ಒಂದಿಬ್ಬರು ಸ್ನೇಹಿತರು ಆಗಾಗ ಫೋನ್ ಮಾಡಿ ಅದರ ಬಗ್ಗೆಯೇ ಕೇಳುತ್ತಾರೆ. ಅವರು ಕೇಳಿದ್ದನ್ನೆಲ್ಲ ಇಲ್ಲಿ ಒಂದು ಕಡೆ ಹಾಕಿದ್ದೇನೆ.

ಡೆಲಿವರಿ ತಡ ಆದರೆ ದಂಡ ಕೊಡಬೇಕಾದವರು ಸಪ್ಲೈಯರ್ ಅಲ್ವಾ? ನಾವ್ಯಾಕೆ ಬೇಡಿಕೊಳ್ಳಬೇಕು?

ಯಾರಿಂದ ತಡ ಆಯ್ತು ಅನ್ನೋದರ ಮೇಲೆ ಅದು ನಿಂತಿದೆ. ಸರಕು ಮಾಡೋದು ತಡ ಆದರೆ ದಂಡ ಸಪ್ಲೈಯರ್ ತಲೆಗೆ. ಸರಕು ಸಿದ್ಧವಾಗಿ ನಾವು ಎತ್ತಿಕೊಳ್ಳದಿದ್ದರೆ ನಮ್ಮ ತಲೆಗೆ. ಮೆಷೀನ್ ಖರೀದಿಯ ಪರ್ಚೇಸ್ ಆರ್ಡರ್‌ಗಳಲ್ಲಿ, ಅಂದರೆ ಪಿಒಗಳಲ್ಲಿ, ಈ ಎರಡನೇ ಷರತ್ತು ಸಾಮಾನ್ಯವಾಗಿ ಸಪ್ಲೈಯರ್ ಕೊಟೇಶನ್‌ನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಾವು ಪಿಒದಲ್ಲಿ ‘ನಿಮ್ಮ ಕೊಟೇಶನ್ ಪ್ರಕಾರ’ ಅಂತ ಒಂದು ಸಾಲು ಬರೆದರೆ ಸಾಕು, ಅದೂ ನಮ್ಮ ಒಪ್ಪಂದದೊಳಗೆ ಬಂದು ಕೂರುತ್ತದೆ. ದರದ ಚೌಕಾಸಿಯಲ್ಲಿ ಮುಳುಗಿರುವಾಗ ಅದನ್ನು ಯಾರೂ ಓದಿರುವುದಿಲ್ಲ. ನಾನೂ ಓದಿರಲಿಲ್ಲ, ಅದೂ ಹೇಳಿಬಿಡುತ್ತೇನೆ.

ನಿಮ್ಮ ಕೇಸ್ ಏನಾಗಿತ್ತು?

ಡ್ರೈಯರ್ ಬೆಲೆ ಜಿಎಸ್‌ಟಿ ಬಿಟ್ಟು 48 ಲಕ್ಷ ರೂಪಾಯಿ. ಶೇಕಡ 30 ಅಡ್ವಾನ್ಸ್ ಕೊಟ್ಟಾಗಿತ್ತು. ಶೇಕಡ 60 ಲೋಡಿಂಗ್‌ಗೆ ಮುಂಚೆ, ಉಳಿದ ಶೇಕಡ 10, ಮೆಷೀನ್ ಓಡಿಸಿ ತೋರಿಸಿದ ಮೇಲೆ. ಡಿಸ್ಪ್ಯಾಚ್ ದಿನಾಂಕ ಸೆಪ್ಟೆಂಬರ್ 10. ಷರತ್ತು ಹೀಗಿತ್ತು: ‘ಸರಕು ಸಿದ್ಧ’ ಅಂತ ಪತ್ರ ಬಂದ ಮೇಲೆ 14 ದಿನ ಉಚಿತ. ಆಮೇಲೆ ಪ್ರತಿ ಪೂರ್ತಿ ವಾರಕ್ಕೆ ಬೆಲೆಯ ಶೇಕಡ 0.5 ಹೋಲ್ಡಿಂಗ್ ಚಾರ್ಜ್, ಗರಿಷ್ಠ ಶೇಕಡ 5. ಅಂದರೆ ವಾರಕ್ಕೆ 24 ಸಾವಿರ ರೂಪಾಯಿ.

ನಮ್ಮ ಕಡೆ ಆಗಿದ್ದು ಇಷ್ಟು. ಡ್ರೈಯರ್ ಕೂರಿಸುವ ಜಾಗ ಎರೆ ಮಣ್ಣಿನದು. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೇ ಆಳಕ್ಕೆ ತೋಡಿ, ಆ ಮಣ್ಣು ತೆಗೆದು, ಗಟ್ಟಿ ಮೊರಂ ತುಂಬಿ ಫೌಂಡೇಶನ್ ಹಾಕಬೇಕು. ಗುಂಡಿ ತೋಡಿದ ವಾರವೇ ಮಳೆ ಹಿಡಿಯಿತು. ನೀರು ಪಂಪ್ ಮಾಡಿ ತೆಗೆಯೋದು, ಮತ್ತೆ ತುಂಬೋದು. ಮೇಸ್ತ್ರಿ ದಡದಲ್ಲಿ ನಿಂತು, “ಇನ್ನೊಂದ್ ಮಳಿ ಬಂದ್ರೆ ಇದ್ರಾಗೆ ಮೀನ್ ಬಿಡಬೋದ್ರೀ” ಅಂದ. ಕೊನೆಗೆ ಕಾಂಕ್ರೀಟ್ ಬಿದ್ದದ್ದು ಸೆಪ್ಟೆಂಬರ್ 12ಕ್ಕೆ. ಕಾಂಕ್ರೀಟ್‌ನ ಬಲವನ್ನು ಲೆಕ್ಕ ಹಿಡಿಯೋದು 28 ದಿನಕ್ಕೆ. ಅದು ಆಗುವವರೆಗೆ ಅಷ್ಟು ಭಾರದ ಮೆಷೀನ್ ಇಡೋದು ಬೇಡ ಅಂತ ನಮ್ಮ ಎಂಜಿನಿಯರ್ ಖಡಾಖಂಡಿತ ಹೇಳಿದರು. ಅಂದರೆ ಅಕ್ಟೋಬರ್ 10.

ಅಷ್ಟರಲ್ಲಿ ಸೆಪ್ಟೆಂಬರ್ 8ಕ್ಕೇ ಸಪ್ಲೈಯರ್‌ನಿಂದ ‘ಸರಕು ಸಿದ್ಧ’ ಪತ್ರ ಬಂದಿತ್ತು.

ಇಂಥ ಮೇಲ್ ಯಾವಾಗ ಕಳಿಸಬೇಕು?

ದಂಡದ ಮೀಟರ್ ಓಡಲು ಶುರುವಾಗುವ ಮುಂಚೆ. ಆದರೆ ಹೊಸ ದಿನಾಂಕ ನಿಮಗೇ ಖಾತ್ರಿಯಾದ ಮೇಲೆ. ಈ ಎರಡರ ನಡುವಿನ ಸಂದಿ ಕೆಲವು ಸಲ ತುಂಬಾ ಚಿಕ್ಕದು.

ನಾನು ಆಗಸ್ಟ್ ಕೊನೆಯಲ್ಲೇ ಫೋನ್ ಮಾಡಿ, ‘ಮಳೆ ಇದೆ, ಸ್ವಲ್ಪ ತಡ ಆಗಬಹುದು’ ಅಂತ ಕಿವಿಗೆ ಹಾಕಿದ್ದೆ. ಮೇಲ್ ಮಾತ್ರ ಬರೆಯಲಿಲ್ಲ. ಗುಂಡಿಯಲ್ಲಿ ನೀರು ನಿಂತಿರುವಾಗ ಯಾವ ದಿನಾಂಕ ಬರೆದರೂ ಅದು ಊಹೆ. ಊಹೆಯ ದಿನಾಂಕ ಕೊಟ್ಟು, ಅದೂ ತಪ್ಪಿ, ಎರಡನೇ ಮೇಲ್ ಬರೆಯಬೇಕಾಗಿ ಬಂದರೆ ಆ ಮೇಲ್‌ಗೆ ಬೆಲೆ ಇರೋದಿಲ್ಲ. ಕಾಂಕ್ರೀಟ್ ಬಿದ್ದ ಮೇಲೆ ಲೆಕ್ಕ ಸುಲಭ: ಕ್ಯಾಲೆಂಡರ್ ತೆಗೆದು 28 ದಿನ ಎಣಿಸಿದರೆ ಆಯ್ತು. ಮೇಲ್ ಕಳಿಸಿದ್ದು ಸೆಪ್ಟೆಂಬರ್ 18ಕ್ಕೆ. ಉಚಿತ ಅವಧಿ ಮುಗಿಯಲು, ಅವರ ಲೆಕ್ಕದಲ್ಲೇ ನೋಡಿದರೂ, ಇನ್ನೂ ನಾಲ್ಕು ದಿನ ಇತ್ತು.

ಮೇಲ್ ಬರೆಯುವ ಮುಂಚೆ ಏನು ನೋಡಿಕೊಳ್ಳಬೇಕು?

ಹೋಗಿ ಮೆಷೀನ್ ನೋಡಿ. ‘ಸರಕು ಸಿದ್ಧ’ ಪತ್ರ ಬಂದಿದೆ ಅಂದರೆ ಸರಕು ಸಿದ್ಧ ಇದೆ ಅಂತಲ್ಲ. ಪತ್ರ ಕಳಿಸಿದ ದಿನದಿಂದ ಅವರ ಗಡಿಯಾರ ಓಡುತ್ತದಲ್ಲ, ಹಾಗಾಗಿ ಕೆಲವರು ಎಂಟು-ಹತ್ತು ದಿನ ಮುಂಚೆಯೇ ಕಳಿಸಿಬಿಡುತ್ತಾರೆ.

ನಾನು ಸೆಪ್ಟೆಂಬರ್ 11ರ ಬೆಳಗಿನ ಜಾವದ ಬಸ್ಸಿಗೆ ಹೊರಟೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಪೀಣ್ಯ ಊರಿನ ಈ ತುದಿಯಲ್ಲೇ ಸಿಗುತ್ತದೆ. ಶೆಡ್ಡಿನಲ್ಲಿ ಡ್ರೈಯರ್ ಬಾಡಿ ನಿಂತಿತ್ತು, ಎಲಿವೇಟರ್ ಬಿಡಿ ಭಾಗಗಳು ಪೇಂಟ್ ಆಗಿ ಸಾಲಾಗಿ ಮಲಗಿದ್ದವು. ಕಂಟ್ರೋಲ್ ಪ್ಯಾನಲ್ ಎಲ್ಲಿ ಅಂತ ಕೇಳಿದೆ. ಒಂದು ಮೂಲೆಯಲ್ಲಿ ಖಾಲಿ ಪೆಟ್ಟಿಗೆ ತೋರಿಸಿದರು. ಒಳಗೆ ಒಂದು ತಂತಿಯೂ ಇಲ್ಲ. ಬಾಗಿಲಿನ ಮೇಲೆ ಮೀಟರ್ ಕೂರಿಸಲು ಕೊರೆದ ನಾಲ್ಕು ಚೌಕ ತೂತು, ಅಷ್ಟೇ. ಅಲ್ಲಿಯ ಸೂಪರ್‌ವೈಸರ್ ಒಳ್ಳೆ ಮನುಷ್ಯ. “ಸರ್, ವೈರಿಂಗ್ ಹುಡುಗ ರಜೆ ಹಾಕಿದ್ದಾನೆ, ಮುಂದಿನ ವಾರ ಆಗುತ್ತೆ” ಅಂತ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಫೋಟೋ ತೆಗೆದುಕೊಂಡೆ. ಪ್ಯಾನಲ್ ಸಿದ್ಧ ಆಗಿದ್ದು ಸೆಪ್ಟೆಂಬರ್ 17ಕ್ಕೆ. ಅದರ ಫೋಟೋವನ್ನು ಅವರೇ ಕಳಿಸಿದರು.

ಈಗ ಲೆಕ್ಕ ನೋಡಿ. ನಾನು ಕೇಳಬೇಕೆಂದಿದ್ದ ಹೊಸ ದಿನಾಂಕ ಅಕ್ಟೋಬರ್ 13. ಅವರ ಪತ್ರದ ಪ್ರಕಾರ ಸೆಪ್ಟೆಂಬರ್ 22ಕ್ಕೆ ಉಚಿತ ಅವಧಿ ಮುಗಿದು, 23ರಿಂದ ಅಕ್ಟೋಬರ್ 13ರವರೆಗೆ 21 ದಿನ. ಮೂರು ವಾರ, 72 ಸಾವಿರ. ನಿಜವಾಗಿ ಸಿದ್ಧವಾದ 17ರಿಂದ ಎಣಿಸಿದರೆ ಉಚಿತ ಅವಧಿ ಅಕ್ಟೋಬರ್ 1ರವರೆಗೆ ಬರುತ್ತದೆ. ಉಳಿಯೋದು 12 ದಿನ. ಷರತ್ತಿನಲ್ಲಿ ‘ಪೂರ್ತಿ ವಾರ’ ಅಂತ ಇದ್ದುದರಿಂದ 12 ದಿನ ಅಂದರೆ ಒಂದೇ ವಾರ, 24 ಸಾವಿರ. ಯಾರ ಹತ್ತಿರವೂ ಏನೂ ಬೇಡಿಕೊಳ್ಳದೆ 48 ಸಾವಿರ ಇಳಿಯಿತು. ಬಸ್ಸಿಗೆ, ಊಟಕ್ಕೆ ಖರ್ಚಾಗಿದ್ದು ಸಾವಿರ ಚಿಲ್ಲರೆ.

ದಂಡ ಬಿಡಿ ಅಂತ ಕೇಳಲು ಕಾನೂನಿನಲ್ಲಿ ಏನಾದರೂ ಆಧಾರ ಇದೆಯಾ? ಅಥವಾ ಬರೀ ದಾಕ್ಷಿಣ್ಯವಾ?

ಎರಡೂ ಇದೆ. ನಾನು ವಕೀಲನಲ್ಲ, ಆದರೆ 1872ರ ಭಾರತೀಯ ಕರಾರು ಕಾಯ್ದೆಯ ಎರಡು ಸೆಕ್ಷನ್‌ಗಳು ಪರ್ಚೇಸ್‌ನಲ್ಲಿ ಕೂರುವ ಯಾರಿಗಾದರೂ ಗೊತ್ತಿರಬೇಕು.

ಒಂದು, ಸೆಕ್ಷನ್ 63. ತನಗೆ ಬರಬೇಕಾದದ್ದನ್ನು ಪೂರ್ತಿ ಬಿಡುವುದಕ್ಕೆ, ಅರ್ಧ ಬಿಡುವುದಕ್ಕೆ, ಸಮಯ ಮುಂದೆ ಹಾಕುವುದಕ್ಕೆ ಬರಬೇಕಾದವನಿಗೆ ಹಕ್ಕಿದೆ. ಅದಕ್ಕೆ ಪ್ರತಿಯಾಗಿ ನಾವು ಏನಾದರೂ ಕೊಟ್ಟಿರಲೇಬೇಕು ಅಂತಿಲ್ಲ. ಅಂದರೆ ಸಪ್ಲೈಯರ್ ‘ಬಿಟ್ಟೆ’ ಅಂತ ಬರೆದುಕೊಟ್ಟರೆ ಮುಗಿಯಿತು. ಆಮೇಲೆ ‘ಅದು ಸುಮ್ನೆ ಹೇಳಿದ್ದು’ ಅನ್ನೋ ಹಾಗಿಲ್ಲ. ಆದ್ದರಿಂದಲೇ ಆ ಒಂದು ಸಾಲು ಬರಹದಲ್ಲಿ ಬರಬೇಕು ಅಂತ ನಾನು ಹಟ ಹಿಡಿಯೋದು.

ಇನ್ನೊಂದು, ಸೆಕ್ಷನ್ 74. ಒಪ್ಪಂದದಲ್ಲಿ ದಂಡ ಅಂತ ಒಂದು ಮೊತ್ತ ಬರೆದಿದ್ದರೆ ಅದು ಮೇಲಿನ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಸಿಗುತ್ತದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ ಕೈಲಾಶ್ ನಾಥ್ ಅಸೋಸಿಯೇಟ್ಸ್ ಹೂಡಿದ್ದ ಕೇಸಿನಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ನಷ್ಟವೇ ಆಗದಿದ್ದರೆ ಪರಿಹಾರದ ಮಾತೇ ಬರೋದಿಲ್ಲ ಅಂದಿದೆ. ಹಾಗಂತ ಇದನ್ನು ಬ್ರಹ್ಮಾಸ್ತ್ರ ಅಂದುಕೊಳ್ಳಬೇಡಿ. ನಷ್ಟ ಇಷ್ಟೇ ಅಂತ ಲೆಕ್ಕ ಹಾಕಲು ಕಷ್ಟವಾದ ಕಡೆ, ಮೊದಲೇ ಯೋಚಿಸಿ ಬರೆದ ನ್ಯಾಯವಾದ ಅಂದಾಜು ಆಗಿದ್ದರೆ ಬರೆದ ಮೊತ್ತವನ್ನೇ ಕೊಡಿಸಬಹುದು ಅಂತಲೂ ಅದೇ ತೀರ್ಪಿನಲ್ಲಿದೆ.

ಇವನ್ನು ಮೇಲ್‌ನಲ್ಲಿ ಬರೆಯಬೇಡಿ. ಸೆಕ್ಷನ್ ನಂಬರ್ ಕಂಡ ತಕ್ಷಣ ಆ ಕಡೆಯವರು ಮೇಲ್ ಅನ್ನು ಅವರ ವಕೀಲರಿಗೆ ಕಳಿಸುತ್ತಾರೆ. ಅಲ್ಲಿಗೆ ಮಾತು ನಿಂತಿತು.

ಸಪ್ಲೈಯರ್‌ಗೆ ನಿಜಕ್ಕೂ ಎಷ್ಟು ನಷ್ಟ ಆಗುತ್ತದೆ ಅಂತ ನಾವು ಹೇಗೆ ಲೆಕ್ಕ ಹಾಕೋದು?

ಹೆಚ್ಚಿನ ಸಲ ಮುಖ್ಯ ನಷ್ಟ ಒಂದೇ: ಬರಬೇಕಾದ ದುಡ್ಡು ಬರಲಿಲ್ಲ, ಬ್ಯಾಂಕ್ ಓವರ್‌ಡ್ರಾಫ್ಟ್‌ಗೆ ಬಡ್ಡಿ ಓಡುತ್ತಿದೆ. ನಮ್ಮ ಕೇಸಿನಲ್ಲಿ ಲೋಡಿಂಗ್‌ಗೆ ಮುಂಚೆ ಕೊಡಬೇಕಿದ್ದದ್ದು ಶೇಕಡ 60, ಅಂದರೆ 28.8 ಲಕ್ಷ. ವರ್ಷಕ್ಕೆ ಶೇಕಡ 12 ಬಡ್ಡಿ ಅಂತ ಇಟ್ಟುಕೊಂಡರೆ ದಿನಕ್ಕೆ ಸುಮಾರು 950 ರೂಪಾಯಿ. 12 ದಿನಕ್ಕೆ 11,400. ಅವರು ಕೇಳಬಹುದಾದದ್ದು 24 ಸಾವಿರ, ನಿಜವಾದ ನೋವು ಅದರ ಅರ್ಧಕ್ಕಿಂತ ಕಡಿಮೆ.

ಎರಡನೆಯದು ಜಾಗ. ಡ್ರೈಯರ್ ದೊಡ್ಡ ವಸ್ತು. ಅದು ಕ್ರೇನ್ ಕೆಳಗೆ ಕೂತಿದ್ದರೆ ಮುಂದಿನ ಆರ್ಡರ್ ಜೋಡಿಸಲು ಆಗೋದಿಲ್ಲ. ಅದನ್ನು ಪಕ್ಕಕ್ಕೆ ಎಳೆದು ಇಡಲು ಹೈಡ್ರಾ ಕ್ರೇನ್, ಕೂಲಿ ಬೇಕು. ಇದು ಒಮ್ಮೆ ಆಗುವ ಖರ್ಚು, ಬಿಲ್ ಇರುತ್ತದೆ, ಕೊಡೋದೂ ನ್ಯಾಯ.

ಈ ಲೆಕ್ಕ ಕೈಯಲ್ಲಿದ್ದರೆ ಏನು ಕೊಡಬಹುದು ಅನ್ನೋದು ತಾನಾಗಿ ಕಾಣುತ್ತದೆ. ನೋವು ಇರೋದು ದುಡ್ಡಿನಲ್ಲಿ, ಹಾಗಾದರೆ ಅರ್ಧ ದುಡ್ಡು ಮೊದಲೇ ಕೊಟ್ಟುಬಿಡೋಣ ಅಂತ ನಮ್ಮ ಯಜಮಾನರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು, “ಮೆಷೀನ್ ಕಣ್ಣಿಗೆ ಬೀಳೋಕ್ ಮುಂಚೆ ದುಡ್ಡು ಕೊಡೋದೇನಪ್ಪಾ?” ಅಂದರು. ನಾನು ಕಣ್ಣಾರೆ ನೋಡಿ ಬಂದಿದ್ದೆನಲ್ಲ, ಫೋಟೋ ತೋರಿಸಿದೆ. ಆಮೇಲೆ ಒಪ್ಪಿದರು. ಆದರೆ ಎರಡು ಮಾತು ಸೇರಿಸಿದರು: ಸೀರಿಯಲ್ ನಂಬರ್ ಬರೆದ ಪತ್ರ ಬೇಕು, ಇನ್ಶೂರೆನ್ಸ್ ಅವರದೇ ಇರಬೇಕು.

ಹೊಸ ದಿನಾಂಕವನ್ನು 10 ಬಿಟ್ಟು 13 ಅಂತ ಯಾಕೆ ಬರೆದಿರಿ?

10 ಶುಕ್ರವಾರ ಬಂದಿತ್ತು. ಎರಡು-ಮೂರು ದಿನ ಕೈಯಲ್ಲಿ ಇರಲಿ ಅಂತ ಸೋಮವಾರ 13 ಹಿಡಿದೆ. ಅದಕ್ಕಿಂತ ಮುಂದೆ ಹೋಗುವ ಹಾಗೂ ಇರಲಿಲ್ಲ. 20ರಿಂದ ದೀಪಾವಳಿ. ಹಬ್ಬದ ವಾರದಲ್ಲಿ ಕ್ರೇನ್‌ನವರೂ ಸಿಗೋದಿಲ್ಲ, ಹಮಾಲರೂ ಸಿಗೋದಿಲ್ಲ. ಭದ್ರಾ ನಾಲೆಯ ಕೆಳಗಿನ ಮಳೆಗಾಲದ ಭತ್ತ ನವೆಂಬರ್ ಹೊತ್ತಿಗೆ ಬರಲು ಶುರು. ಹಸಿ ಭತ್ತ ಅಂಗಳಕ್ಕೆ ಬಂದ ಮೇಲೆ ಡ್ರೈಯರ್ ಜೋಡಿಸುತ್ತಾ ಕೂರೋಕಾಗುತ್ತಾ?

ಆ ಮೇಲ್ ಹೇಗಿತ್ತು, ಪೂರ್ತಿ ಹಾಕಿ.

ಹೆಸರು, ನಂಬರ್ ತೆಗೆದು ಹಾಗೇ ಹಾಕಿದ್ದೇನೆ.

> ವಿಷಯ: ಡ್ರೈಯರ್ ಪಿಒ – ಡಿಸ್ಪ್ಯಾಚ್ ಅಕ್ಟೋಬರ್ 13ಕ್ಕೆ ಬದಲಿಸಲು ಮತ್ತು ಹೋಲ್ಡಿಂಗ್ ಚಾರ್ಜ್ ಬಿಡಲು ಕೋರಿಕೆ – ಸೆಪ್ಟೆಂಬರ್ 24ರೊಳಗೆ ಉತ್ತರ ಬೇಕು
>
> ನಮಸ್ಕಾರ ಸರ್,
>
> ನಮ್ಮ ಡ್ರೈಯರ್ ಆರ್ಡರ್ ಮತ್ತು ನಿಮ್ಮ ಸೆಪ್ಟೆಂಬರ್ 8ರ ಪತ್ರದ ಬಗ್ಗೆ ಬರೆಯುತ್ತಿದ್ದೇನೆ.
>
> ತಡ ನಮ್ಮ ಕಡೆಯಿಂದ ಆಗಿದೆ. ಮಳೆಯಿಂದ ಫೌಂಡೇಶನ್ ಕೆಲಸ ನಿಂತಿತ್ತು. ಸೆಪ್ಟೆಂಬರ್ 12ಕ್ಕೆ ಕಾಂಕ್ರೀಟ್ ಹಾಕಿದ್ದೇವೆ, ಫೋಟೋ ಮತ್ತು ಎಂಜಿನಿಯರ್ ಪತ್ರ ಇದರ ಜೊತೆ ಇದೆ. 28 ದಿನ ಅಕ್ಟೋಬರ್ 10ಕ್ಕೆ ಮುಗಿಯುತ್ತದೆ. ಆದ್ದರಿಂದ ಡಿಸ್ಪ್ಯಾಚ್ ದಿನಾಂಕವನ್ನು ಅಕ್ಟೋಬರ್ 13, ಸೋಮವಾರಕ್ಕೆ ಬದಲಿಸಿಕೊಡಬೇಕೆಂದು ಕೋರುತ್ತೇನೆ.
>
> ನಾನು 11ರಂದು ನಿಮ್ಮಲ್ಲಿಗೆ ಬಂದಾಗ ಕಂಟ್ರೋಲ್ ಪ್ಯಾನಲ್ ವೈರಿಂಗ್ ಬಾಕಿ ಇತ್ತು. 17ಕ್ಕೆ ಮುಗಿದ ಫೋಟೋ ನೀವೇ ಕಳಿಸಿದ್ದೀರಿ, ಧನ್ಯವಾದ. ಹಾಗಾಗಿ 14 ದಿನದ ಅವಧಿಯನ್ನು 17ರಿಂದ ಎಣಿಸಬೇಕೆಂದು ನಮ್ಮ ತಿಳುವಳಿಕೆ. ಆ ಲೆಕ್ಕದಲ್ಲಿ ಅಕ್ಟೋಬರ್ 13ರವರೆಗೆ ಹೋಲ್ಡಿಂಗ್ ಚಾರ್ಜ್ ಒಂದು ವಾರದ್ದು, 24,000 ರೂಪಾಯಿ ಆಗುತ್ತದೆ.
>
> ಈ 24,000 ರೂಪಾಯಿ ಬಿಟ್ಟುಕೊಡಬೇಕೆಂದು ಕೇಳುತ್ತಿದ್ದೇನೆ. ನಿಮ್ಮ ದುಡ್ಡು ನಿಲ್ಲಬಾರದು ಎಂದು ನಮ್ಮ ಕಡೆಯಿಂದ ಹೀಗೆ ಮಾಡುತ್ತೇವೆ: ಡಿಸ್ಪ್ಯಾಚ್‌ಗೆ ಮುಂಚೆ ಕೊಡಬೇಕಾದ 28,80,000 ರೂಪಾಯಿಯಲ್ಲಿ ಅರ್ಧ, ಅಂದರೆ 14,40,000 ರೂಪಾಯಿಯನ್ನು ಆಯುಧಪೂಜೆಗೆ ಮುಂಚೆ, ಸೆಪ್ಟೆಂಬರ್ 30ಕ್ಕೇ ಕಳಿಸುತ್ತೇವೆ. ಉಳಿದದ್ದು ಅಕ್ಟೋಬರ್ 11ಕ್ಕೆ. ಮೆಷೀನ್ ಸೀರಿಯಲ್ ನಂಬರ್ ನಮೂದಿಸಿ, ಅದು ನಮ್ಮ ಆರ್ಡರ್‌ಗೆ ಮೀಸಲು ಮತ್ತು ಲೋಡಿಂಗ್ ಆಗುವವರೆಗೆ ನಿಮ್ಮ ಇನ್ಶೂರೆನ್ಸ್‌ನಲ್ಲಿದೆ ಎಂದು ಒಂದು ಪತ್ರ ಕೊಡಿ.
>
> ಬೆಲೆ, ವಾರಂಟಿ ಮತ್ತು ಪಿಒದ ಬೇರೆ ಷರತ್ತುಗಳು ಇದ್ದ ಹಾಗೇ ಇರುತ್ತವೆ. ವಾರಂಟಿಯನ್ನು ನಿಜವಾದ ಡಿಸ್ಪ್ಯಾಚ್ ದಿನದಿಂದ ಎಣಿಸಬೇಕು.
>
> ಒಪ್ಪಿಗೆ ಇದ್ದರೆ ಸೆಪ್ಟೆಂಬರ್ 24ರೊಳಗೆ ಈ ಮೇಲ್‌ಗೇ ‘ಒಪ್ಪಿದ್ದೇವೆ’ ಎಂದು ಉತ್ತರಿಸಿ. ಅದೇ ದಿನ ಪಿಒ ಅಮೆಂಡ್‌ಮೆಂಟ್ ಕಳಿಸುತ್ತೇನೆ. ಮೆಷೀನ್ ಪಕ್ಕಕ್ಕೆ ಸರಿಸಲು ಏನಾದರೂ ಖರ್ಚು ಬಂದರೆ ತಿಳಿಸಿ, ಮಾತಾಡೋಣ.
>
> ಇತಿ,
> ಪರ್ಚೇಸ್ ಮ್ಯಾನೇಜರ್

‘ತಡ ನಮ್ಮ ಕಡೆಯಿಂದ ಆಗಿದೆ’ ಅಂತ ಬರೆದುಕೊಟ್ಟರೆ ಸಿಕ್ಕಿಹಾಕಿಕೊಳ್ಳಲ್ವಾ?

ಇದನ್ನೇ ಎಲ್ಲರೂ ಕೇಳೋದು. ಮೇಲ್ ಇಡೀ ನಿಂತಿರುವುದೇ ಆ ಸಾಲಿನ ಮೇಲೆ. ಅವರಿಗೆ ಗೊತ್ತಿರುವ ಸತ್ಯವನ್ನೇ ನಾವು ಸುತ್ತಿ ಬಳಸಿ ಹೇಳಿದರೆ ಮುಂದಿನ ಸಾಲುಗಳನ್ನೂ ಅನುಮಾನದಿಂದ ಓದುತ್ತಾರೆ. ‘ಅನಿವಾರ್ಯ ಕಾರಣಗಳಿಂದ’ ಅಂತ ಬರೆಯೋದು ನಮ್ಮಲ್ಲಿ ಒಂದು ಚಟ. ಅದನ್ನು ಓದಿದವರಿಗೆ ಏನೂ ಗೊತ್ತಾಗೋದಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಅನ್ನೋದು ಮಾತ್ರ ಗೊತ್ತಾಗುತ್ತದೆ.

ಆದರೆ ತಡ ಒಪ್ಪಿಕೊಳ್ಳೋದು ಬೇರೆ, ದಂಡದ ಮೊತ್ತ ಒಪ್ಪಿಕೊಳ್ಳೋದು ಬೇರೆ. ನಾನು 72 ಸಾವಿರವನ್ನು ಎಲ್ಲೂ ಎತ್ತಲೇ ಇಲ್ಲ ನೋಡಿ. ಲೆಕ್ಕ ಶುರುವಾಗುವ ದಿನವನ್ನು ಮೊದಲು ಸರಿಪಡಿಸಿ, ಉಳಿದದ್ದನ್ನು ಮಾತ್ರ ಬಿಡಿ ಅಂತ ಕೇಳಿದೆ. ಈ ಕ್ರಮ ತಲೆಕೆಳಗಾದರೆ ಕೆಡುತ್ತದೆ. ‘72 ಸಾವಿರ ಬಿಡಿ’ ಅಂತ ಮೊದಲೇ ಬರೆದಿದ್ದರೆ 72 ನಮ್ಮ ಬಾಯಿಂದಲೇ ಬಂದ ಹಾಗಾಗುತ್ತಿತ್ತು. ಅವರು ದೊಡ್ಡ ಮನಸ್ಸು ಮಾಡಿ ಅರ್ಧ ಬಿಟ್ಟಿದ್ದರೂ 36 ಸಾವಿರ ತೆರಬೇಕಿತ್ತು.

ಪ್ಯಾನಲ್ ಖಾಲಿ ಇತ್ತಲ್ಲ, ಸುಳ್ಳು ಪತ್ರ ಕೊಟ್ಟಿದ್ದೀರಿ ಅಂತ ಗಟ್ಟಿಯಾಗಿ ಯಾಕೆ ಕೇಳಲಿಲ್ಲ?

ಕೇಳಿದ್ದರೆ ಏನು ಸಿಗುತ್ತಿತ್ತು? ಫೋಟೋ ನನ್ನ ಹತ್ತಿರ ಇದೆ ಅಂತ ಅವರಿಗೆ ಗೊತ್ತು. ‘17ಕ್ಕೆ ಮುಗಿದ ಫೋಟೋ ನೀವೇ ಕಳಿಸಿದ್ದೀರಿ, ಧನ್ಯವಾದ’ ಅಂದರೆ ಸಾಕು, ಮುಟ್ಟಬೇಕಾದ್ದು ಮುಟ್ಟುತ್ತದೆ. ಇನ್ನು ಮೆಷೀನ್ ಜೋಡಿಸಲು ಅವರದೇ ಫಿಟ್ಟರ್‌ಗಳು ಬಂದು ನಮ್ಮಲ್ಲಿ ಎರಡು ವಾರ ಇರಬೇಕು.

ಕನ್ನಡದಲ್ಲಿ ಮೇಲ್ ಬರೆದರೆ ನಡೆಯುತ್ತಾ?

ನಡೆಯುತ್ತದೆ. ಇಬ್ಬರಿಗೂ ಅರ್ಥವಾದರೆ ಸಾಕು, ಇಂಥ ಭಾಷೆಯಲ್ಲೇ ಇರಬೇಕು ಅಂತ ಕರಾರು ಕಾಯ್ದೆ ಕೇಳೋದಿಲ್ಲ. ಕೊಯಮತ್ತೂರಿಗೋ ಪುಣೆಗೋ ಬರೆಯುವುದಾದರೆ ಬೇರೆ ಮಾತು.

ಫೋನ್‌ನಲ್ಲಿ ‘ಆಯ್ತು ಬಿಡಿ’ ಅಂದಿದ್ದಾರೆ. ಅಷ್ಟು ಸಾಕಲ್ವಾ?

ಸಾಲದು. ಫೋನ್‌ನಲ್ಲಿ ಹೇಳಿದವರು ಸೇಲ್ಸ್‌ನವರು, ಬಿಲ್ ಮಾಡುವವರು ಅಕೌಂಟ್ಸ್‌ನವರು. ಮೂರು ತಿಂಗಳ ಮೇಲೆ ಅಕೌಂಟ್ಸ್‌ನಲ್ಲಿ ಯಾರೋ ಹೊಸಬರು ಪಿಒ ತೆಗೆದು ನೋಡಿ, ಷರತ್ತಿನಂತೆ ಚಾರ್ಜ್ ಹಾಕಿ ಕಳಿಸುತ್ತಾರೆ. ಸೇಲ್ಸ್‌ನವರು ಅಷ್ಟರಲ್ಲಿ ಬೇರೆ ಕಂಪನಿ ಸೇರಿರುತ್ತಾರೆ. ಇದು ನನಗೆ ಒಮ್ಮೆ ಆಗಿದೆ. ಬೇರೊಂದು ಸಪ್ಲೈಯರ್ ಹತ್ತಿರ 18 ಸಾವಿರ ತೆತ್ತಿದ್ದೇನೆ.

ಫೋನ್ ಮಾಡಿ, ಅದು ಬೇಕೇ ಬೇಕು. ಆದರೆ ಇಟ್ಟ ತಕ್ಷಣ, ‘ಈಗ ಮಾತಾಡಿದಂತೆ’ ಅಂತ ಶುರುಮಾಡಿ ಎರಡು ಸಾಲು ಮೇಲ್ ಹಾಕಿ. ದಂಡ ಬಿಡುವ ಅಧಿಕಾರ ಯಾರಿಗಿದೆ ಅಂತ ತಿಳಿದುಕೊಂಡು ಅವರನ್ನೂ ಪ್ರತಿಯಲ್ಲಿ ಸೇರಿಸಿ. ಸಣ್ಣ ಕಾರ್ಖಾನೆಗಳಲ್ಲಿ ಅದು ಮಾಲೀಕರು ಮಾತ್ರ. ಮೇಲ್‌ನಲ್ಲಿ ಆದ ಒಪ್ಪಂದ ಕಾಗದದ್ದಲ್ಲ ಅನ್ನೋ ಒಂದೇ ಕಾರಣಕ್ಕೆ ಬಿದ್ದುಹೋಗೋದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 10ಎ ಇರೋದೇ ಅದಕ್ಕೆ. ವಾಟ್ಸ್ಯಾಪ್‌ನಲ್ಲಿ ಬಂದ ‘ಓಕೆ’ ಕೂಡ ಪೂರ್ತಿ ವ್ಯರ್ಥವಲ್ಲ. ಆದರೆ ಯಾವ ಪ್ರಶ್ನೆಗೆ ಓಕೆ ಅಂದರು ಅಂತ ಆಮೇಲೆ ಹುಡುಕುವ ಪಾಡು ಬೇಡ.

ಉತ್ತರವೇ ಬರದಿದ್ದರೆ ಒಪ್ಪಿದ ಹಾಗೆ ಅಲ್ವಾ?

ಅಲ್ಲ. ಸುಮ್ಮನಿದ್ದರೆ ಒಪ್ಪಿಗೆ ಅನ್ನೋದು ಮದುವೆ ಮಾತುಕತೆಯಲ್ಲಿ ನಡೆದೀತು, ಪಿಒದಲ್ಲಿ ನಡೆಯೋದಿಲ್ಲ. ‘24ರೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇವೆ’ ಅಂತ ಕೆಲವರು ಬರೆಯುತ್ತಾರೆ. ಬರೆದು ತೃಪ್ತಿಪಟ್ಟುಕೊಳ್ಳಬಹುದು, ಅಷ್ಟೇ. ಉತ್ತರ ಬರುವವರೆಗೆ ಹಳೇ ದಿನಾಂಕ, ಹಳೇ ದಂಡ ಎರಡೂ ಜೀವಂತ.

ಈಗಾಗಲೇ ಹೋಲ್ಡಿಂಗ್ ಚಾರ್ಜ್ ಬಿಲ್ ಮಾಡಿಬಿಟ್ಟಿದ್ದರೆ?

ಆಗ ಕೆಲಸ ಒಂದು ಹೆಜ್ಜೆ ಜಾಸ್ತಿ. ಜಿಎಸ್‌ಟಿ ಹಾಕಿ ಬಿಲ್ ಆಗಿದ್ದರೆ ‘ಬಿಟ್ಟಿದ್ದೇವೆ’ ಅನ್ನೋ ಮೇಲ್ ಒಂದರಿಂದ ಬಿಲ್ ಮಾಯವಾಗೋದಿಲ್ಲ, ಕ್ರೆಡಿಟ್ ನೋಟ್ ಬೇಕು. ಅದು ಬರೋವರೆಗೆ ಅವರ ಪುಸ್ತಕದಲ್ಲಿ ನೀವು ಸಾಲಗಾರರು. ಬಿಲ್ ಆಗುವ ಮುಂಚೆ ಕೇಳಿ ಅಂತ ನಾನು ಒತ್ತಿ ಹೇಳೋದಕ್ಕೆ ಇದೂ ಒಂದು ಕಾರಣ. ಮಾಡಿದ ಬಿಲ್ ವಾಪಸ್ ತೆಗೆಯಲು ಯಾವ ಅಕೌಂಟೆಂಟ್‌ಗೂ ಇಷ್ಟ ಇರೋದಿಲ್ಲ.

ಪೇಮೆಂಟ್ ತಡ ಆಗಿದ್ದಕ್ಕೆ ಬಡ್ಡಿ ಕೇಳುತ್ತಿದ್ದಾರೆ. ಅದನ್ನೂ ಇದೇ ಮೇಲ್‌ನಲ್ಲಿ ಸೇರಿಸಬಹುದಾ?

ಸೇರಿಸಬೇಡಿ, ಅದು ಬೇರೆ ಜಾತಿಯ ವಿಷಯ. ಸಪ್ಲೈಯರ್ ಅತಿ ಸಣ್ಣ ಅಥವಾ ಸಣ್ಣ ಉದ್ದಿಮೆ ಅಂತ ನೋಂದಣಿ ಆಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಬರುತ್ತದೆ. ಪಿಒದಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನಕ್ಕಿಂತ ಜಾಸ್ತಿ ತಳ್ಳುವ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇದು ಪಿಒದಿಂದ ಹುಟ್ಟಿದ್ದಲ್ಲ, ಕಾಯ್ದೆಯಿಂದ ಬಂದದ್ದು. ಇದಕ್ಕೆ ಆಡಿಟರ್ ಹತ್ತಿರ ಕೂತು ಮಾತಾಡಿ.

ತಡ ಮಾಡಿದ್ದು ಸಪ್ಲೈಯರ್ ಆಗಿದ್ದು, ನಾವೇ ಸಮಯ ಕೊಡುವಾಗ ಏನು ಎಚ್ಚರ?

ಅದೇ ಕರಾರು ಕಾಯ್ದೆಯ ಸೆಕ್ಷನ್ 55. ದಿನಾಂಕ ಮುಖ್ಯ ಅಂತ ಒಪ್ಪಂದ ಇದ್ದು, ಅದು ತಪ್ಪಿ ಬಂದ ಸರಕನ್ನು ನೀವು ಸುಮ್ನೆ ಇಳಿಸಿಕೊಂಡರೆ ಆ ತಡಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಇಳಿಸಿಕೊಳ್ಳುವ ಹೊತ್ತಿಗೇ ‘ತಡದ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡು ಇಳಿಸಿಕೊಳ್ಳುತ್ತಿದ್ದೇವೆ’ ಅಂತ ತಿಳಿಸಬೇಕು. ಒಂದು ಸಾಲಿನ ಮೇಲ್ ಸಾಕು. ಲಾರಿ ಗೇಟಿನಲ್ಲಿ ನಿಂತಿರುವಾಗ ಯಾರಿಗೆ ನೆನಪಾಗುತ್ತೆ ಹೇಳಿ? ನಾನು ಆ ಸಾಲನ್ನು ಬರೆದು ಡ್ರಾಫ್ಟ್‌ನಲ್ಲೇ ಇಟ್ಟಿರುತ್ತೇನೆ.

ವಾರಂಟಿ ಬಗ್ಗೆ ಒಂದು ಸಾಲು ಬರೆದಿದ್ದೀರಲ್ಲ, ಅದ್ಯಾಕೆ?

ಮೆಷೀನ್ ವಾರಂಟಿಯಲ್ಲಿ ‘ಓಡಿಸಲು ಶುರುಮಾಡಿ 12 ತಿಂಗಳು ಅಥವಾ ಡಿಸ್ಪ್ಯಾಚ್ ಆಗಿ 18 ತಿಂಗಳು, ಯಾವುದು ಮೊದಲೋ ಅದು’ ಅನ್ನೋ ಥರ ಇರುತ್ತದೆ. ಕೆಲವರ ಷರತ್ತಿನಲ್ಲಿ ಡಿಸ್ಪ್ಯಾಚ್ ಜೊತೆ ‘ಅಥವಾ ಸಿದ್ಧ ಪತ್ರ ಕೊಟ್ಟ ದಿನ’ ಅಂತ ಮೆಲ್ಲಗೆ ಸೇರಿರುತ್ತದೆ. ಆಗ ಮೆಷೀನ್ ಅವರ ಶೆಡ್ಡಿನಲ್ಲೇ ನಿಂತಿರುವಾಗ ನಮ್ಮ ವಾರಂಟಿ ಕರಗುತ್ತಿರುತ್ತದೆ. ನಮ್ಮ ಕೇಸಿನಲ್ಲಿ ಒಂದು ತಿಂಗಳ ವಿಷಯ, ದೊಡ್ಡದಲ್ಲ. ಆರು ತಿಂಗಳು ತಡವಾದ ಶೆಡ್‌ಗಳೂ ಇವೆ.

ಕೊನೆಗೆ ಏನು ಉತ್ತರ ಬಂತು?

22ಕ್ಕೆ ಮಾಲೀಕರೇ ಫೋನ್ ಮಾಡಿದರು. “ಏನ್ ಸರ್, ಪ್ಯಾನಲ್ ಫೋಟೋ ಬೇರೆ ಇಟ್ಕೊಂಡಿದ್ದೀರಾ” ಅಂತ ನಕ್ಕರು. ಅರ್ಧ ದುಡ್ಡು 30ಕ್ಕೆ ಖಂಡಿತಾ ತಾನೇ ಅಂತ ಎರಡು ಸಲ ಕೇಳಿದರು. ಹಬ್ಬಕ್ಕೆ ಕೆಲಸದವರಿಗೆ ಬೋನಸ್ ಕೊಡಬೇಕಿತ್ತಂತೆ. ಮಾರನೇ ದಿನ ಮೇಲ್ ಬಂತು: ದಿನಾಂಕಕ್ಕೆ ಒಪ್ಪಿಗೆ, ಹೋಲ್ಡಿಂಗ್ ಚಾರ್ಜ್ ಪೂರ್ತಿ ಬಿಟ್ಟಿದ್ದೇವೆ, ಮೆಷೀನ್ ಸರಿಸಲು ಕ್ರೇನ್ ಖರ್ಚು 8,500 ಕೊಡಬೇಕು. ಜೊತೆಗೆ ಒಂದು ಷರತ್ತು: ಅಕ್ಟೋಬರ್ 13 ನಮ್ಮಿಂದಲೇ ತಪ್ಪಿದರೆ 14ರಿಂದ ಉಚಿತ ದಿನ ಇಲ್ಲದೆ ಚಾರ್ಜ್ ಶುರು.

ಆ ಷರತ್ತು ನ್ಯಾಯವೇ ಅನ್ನಿಸಿತು, ಒಪ್ಪಿದೆ. ಅದೇ ಸಂಜೆ ಪಿಒ ಅಮೆಂಡ್‌ಮೆಂಟ್ ಕಳಿಸಿದೆ. ಅದರಲ್ಲಿ ನಾಲ್ಕೇ ವಿಷಯ: ಹೊಸ ದಿನಾಂಕ, ಎರಡು ಕಂತಿನ ಪೇಮೆಂಟ್, ಚಾರ್ಜ್ ಬಿಟ್ಟಿದ್ದು, ವಾರಂಟಿ ಎಣಿಕೆ. 8,500ಕ್ಕೆ ಕ್ರೇನ್‌ನವರ ಬಿಲ್ ಪ್ರತಿ ಕೇಳಿದೆ, ಕಳಿಸಿದರು. 30ರ ಮಧ್ಯಾಹ್ನ 14.4 ಲಕ್ಷ ಹೋಯಿತು.

13ಕ್ಕೆ ಪೀಣ್ಯದಲ್ಲಿ ಲೋಡ್ ಆಗಿ, 14ರ ಬೆಳಿಗ್ಗೆ ಲಾರಿ ಗೇಟಿಗೆ ಬಂತು. ಇಳಿಸಲು ಕ್ರೇನ್ ಹಿಂದಿನ ರಾತ್ರಿಯೇ ತಂದು ನಿಲ್ಲಿಸಿದ್ದೆವು. ಮೇಸ್ತ್ರಿ ಬೋಲ್ಟ್‌ಗಳ ಮೇಲೆ ಸುತ್ತಿದ್ದ ಗೋಣಿ ತಾಟು ಬಿಚ್ಚುತ್ತಾ, “ಒಂದ್ ಬೋಲ್ಟ್ ಸ್ವಲ್ಪ ಸೊಟ್ಟ ಐತ್ರೀ, ಹೇಳಿದ್ನಿಲ್ಲೋ?” ಅಂದ. ಹೇಳಿರಲಿಲ್ಲ.